ಮುಚ್ಚಿದ ಡಿಎನ್‌ಎಯನ್ನು ಗೈಡ್ ಓದುವುದು ಹೇಗೆ? ಐದು ನಿಮಿಷದ ಸ್ಕ್ರಿಪ್ಟ್ ಒಂದನ್ನು ತಿದ್ದಿದ ಅನುಭವ

ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುತ್ತೇನೆ. ಇಂಟರ್ನಲ್ ಮಾರ್ಕ್ಸಿಗಾಗಿ ನಮ್ಮ ಮಕ್ಕಳು ಒಬ್ಬೊಬ್ಬರೂ ಐದು ನಿಮಿಷದ ಸೆಮಿನಾರ್ ಕೊಡಬೇಕು. ಈ ಸಲ ಸಿಂದಗಿ ಕಡೆಯ ಒಬ್ಬ ಹುಡುಗಿ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ವಿಧಾನ ತಗೊಂಡಳು. ಅದರಲ್ಲೂ ಗೈಡ್ ಆರ್‌ಎನ್‌ಎ ತನ್ನ ಜಾಗವನ್ನು ಹೇಗೆ ಹುಡುಕುತ್ತದೆ ಅನ್ನುವ ಭಾಗ ಮಾತ್ರ. ವಿಷಯ ಚೆನ್ನಾಗಿ ಕಿರಿದು ಮಾಡಿಕೊಂಡಿದ್ದಾಳೆ ಅಂತ ಖುಷಿಯಾಯಿತು.

ಮೊದಲ ಸ್ಕ್ರಿಪ್ಟ್ ನಾಲ್ಕು ಪುಟ ಇತ್ತು. ಮೊದಲ ಎರಡು ಪುಟ ಬರೀ ಇತಿಹಾಸ: 2012ರಲ್ಲಿ ಡೌಡ್ನಾ, ಶಾರ್ಪೆಂಟಿಯೆ ಅವರ ಪ್ರಯೋಗ, 2020ರ ನೊಬೆಲ್, ಹೀಗೆ. ಗೈಡ್ ಬರುವುದೇ ಮೂರನೇ ಪುಟದಲ್ಲಿ, ಅದೂ ಒಂದೇ ಸಾಲಿನಲ್ಲಿ: "ಗೈಡ್ ಆರ್‌ಎನ್‌ಎ ಡಿಎನ್‌ಎಯನ್ನು ಓದುತ್ತಾ ಹೋಗಿ ತನಗೆ ಹೊಂದುವ 20 ಅಕ್ಷರ ಸಿಕ್ಕಾಗ ನಿಲ್ಲುತ್ತದೆ, ಅಲ್ಲಿ ಕ್ಯಾಸ್9 ಕತ್ತರಿಸುತ್ತದೆ." ನಾನು ಇತಿಹಾಸ ಕಡಿಮೆ ಮಾಡು ಅಂತ ಬರೆದು ಕೊಟ್ಟೆ. ಈ ಸಾಲಿಗೆ ಟಿಕ್ ಹಾಕಿದೆ. ತಪ್ಪಾಗಿದ್ದು ಅಲ್ಲೇ.

ರಿಹರ್ಸಲ್ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ಡಿಎನ್‌ಎದ ಎರಡೂ ಎಳಿ ಒಂದಕ್ಕೊಂದು ಸುತ್ಕೊಂಡು ಮುಚ್ಚೇ ಇರ್ತಾವಲ್ರೀ? ಅಕ್ಷರ ಎಲ್ಲಾ ಒಳಗ ಜೋಡಿ ಆಗ್ಯಾವ. ಬಿಚ್ಚದ ಗೈಡ್ ಹೆಂಗ ಓದ್ತದ್ರೀ?"

ಹುಡುಗಿ ನನ್ನ ಕಡೆ ನೋಡಿದಳು. ಅವನು ಕೇಳಿದ್ದೇ ಈ ವಿಷಯದ ಜೀವಾಳ. ಆರ್‌ಎನ್‌ಎ ಹೊಂದಿಕೆಯಾಗಬೇಕಾದರೆ ಡಿಎನ್‌ಎ ಬಿಚ್ಚಬೇಕು. ಎಲ್ಲಿ ಬಿಚ್ಚಬೇಕು ಅಂತ ಗೊತ್ತಾಗಬೇಕಾದರೆ ಮೊದಲು ಓದಬೇಕು. ಕೋಟಿಗಟ್ಟಲೆ ಅಕ್ಷರಗಳನ್ನು ಉದ್ದಕ್ಕೂ ಬಿಚ್ಚುತ್ತಾ ಹೋಗುವುದು ಆಗುವ ಮಾತಲ್ಲ. ಹಾಗಾದರೆ ಹೇಗೆ?

ಉತ್ತರ ಇಷ್ಟು: ಮೊದಲು ಗುರುತು ಹಿಡಿಯುವುದು ಗೈಡ್ ಅಲ್ಲ, ಕ್ಯಾಸ್9 ಪ್ರೋಟೀನ್. ಅದು ಡಿಎನ್‌ಎಯನ್ನು ಬಿಚ್ಚದೆ ಹೊರಗಿನಿಂದ, ಸುರುಳಿಯ ದೊಡ್ಡ ತೋಡಿನಲ್ಲಿ ಮುಟ್ಟಿ ನೋಡಿ, ಎರಡು G ಅಕ್ಷರ ಪಕ್ಕಪಕ್ಕ ಇವೆಯಾ ಅಂತ ಮಾತ್ರ ತಿಳಿದುಕೊಳ್ಳುತ್ತದೆ. ಈ ಗುರುತಿಗೆ ಪ್ಯಾಮ್ ಅಂತ ಹೆಸರು. ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬಂದ, ಎಲ್ಲರೂ ಜಾಸ್ತಿ ಬಳಸುವ ಕ್ಯಾಸ್9ಗೆ ಆ ಗುರುತು NGG, ಅಂದರೆ ಮೊದಲು ಯಾವ ಅಕ್ಷರವಾದರೂ ಸರಿ, ಆಮೇಲೆ ಎರಡು G. ಗುರುತು ಇಲ್ಲದ ಕಡೆ ಅದು ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ, ಬಿಟ್ಟು ಮುಂದಕ್ಕೆ ಹಾರುತ್ತದೆ. ಗುರುತು ಸಿಕ್ಕರೆ ಅದರ ಪಕ್ಕದ ಒಂದೆರಡು ಜೋಡಿ ಬಿಚ್ಚುತ್ತದೆ. ಗೈಡ್ ಹೊಂದಿಸಿ ನೋಡಲು ಶುರು ಮಾಡುವುದು ಆವಾಗ.

ಸ್ಕ್ರಿಪ್ಟನ್ನು ಇಬ್ಬರೂ ಕೂತು ಮೊದಲಿನಿಂದ ಬರೆದೆವು. ಇತಿಹಾಸ ಪೂರ್ತಿ ಹೋಯಿತು. ಆ ಹುಡುಗ ಕೇಳಿದ ಪ್ರಶ್ನೆಯೇ ಮೊದಲ ಸಾಲಾಯಿತು. ಆಮೇಲಿನ ಭಾಗವನ್ನು ಅವಳದೇ ಮಾತಿನಲ್ಲಿ ಹಾಕುತ್ತೇನೆ:

"ನೀವು ಗೋಳಗುಮ್ಮಟದ ಹತ್ತಿರದ ಓಣಿಗಳಲ್ಲಿ ಒಂದು ಮನೆ ಹುಡುಕುತ್ತಿದ್ದೀರಿ ಅಂತ ತಿಳಿದುಕೊಳ್ಳಿ. ಕೈಯಲ್ಲಿ ಒಂದು ಚೀಟಿ ಇದೆ. ಅದರಲ್ಲಿ ಮನೆಯೊಳಗಿನ 20 ಜನರ ಹೆಸರು ಸಾಲಾಗಿ ಬರೆದಿದೆ. ಎಲ್ಲ ಮನೆಯ ಬಾಗಿಲು ತೆಗೆಸಿ ಹೆಸರು ಕೇಳುತ್ತಾ ಹೋದರೆ ಮುಗಿಯುವುದಿಲ್ಲ. ಆದರೆ ಆ ಮನೆ ಮುಂದೆ ಬೇವಿನ ಗಿಡ ಇದೆ ಅಂತ ನಿಮಗೆ ಗೊತ್ತು. ಗಿಡ ಇಲ್ಲದ ಮನೆ ಮುಂದೆ ನಿಲ್ಲುವುದೇ ಬೇಡ. ಗಿಡ ಇದ್ದರೆ ಮಾತ್ರ ಬಾಗಿಲು ಬಡಿಯಿರಿ, ಹೊಸ್ತಿಲ ಹತ್ತಿರ ಕೂತವರಿಂದ ಹೆಸರು ಕೇಳುತ್ತಾ ಒಳಗೆ ಹೋಗಿ. ಬೇವಿನ ಗಿಡ ಪ್ಯಾಮ್. ಚೀಟಿ ಗೈಡ್ ಆರ್‌ಎನ್‌ಎ. ಚೀಟಿ ಹಿಡಿದುಕೊಂಡು ನಡೆಯುವವರು ಕ್ಯಾಸ್9."

ಈ ಹೋಲಿಕೆ ನನಗೆ ಇಷ್ಟವಾಗಲು ಕಾರಣ ಇದೆ. ಚೀಟಿಯಲ್ಲಿ ಬೇವಿನ ಗಿಡ ಬರೆದಿರುವುದಿಲ್ಲ. ಮಕ್ಕಳು ಪ್ರತಿ ವರ್ಷ ಇಲ್ಲೇ ಎಡವುತ್ತಾರೆ, ಗೈಡ್ ಬರೆಯಿರಿ ಅಂದರೆ NGG ಸೇರಿಸಿ 23 ಅಕ್ಷರ ಬರೆಯುತ್ತಾರೆ. ಪ್ಯಾಮ್ ಇರಬೇಕಾದ್ದು ಡಿಎನ್‌ಎಯಲ್ಲಿ, ಗೈಡಿನಲ್ಲಿ ಅಲ್ಲ. ಕ್ರಿಸ್ಪರ್ ಮೂಲದಲ್ಲಿ ವೈರಸ್ ವಿರುದ್ಧ ಬ್ಯಾಕ್ಟೀರಿಯಾ ಇಟ್ಟುಕೊಂಡ ಕಾವಲು, ಅದು ಬದುಕಿರುವುದೇ ಈ ವ್ಯತ್ಯಾಸದಿಂದ. ಹಿಂದೆ ದಾಳಿ ಮಾಡಿದ ವೈರಸ್ಸಿನ ತುಂಡನ್ನು ಅದು ತನ್ನದೇ ಡಿಎನ್‌ಎಯಲ್ಲಿ ನೆನಪಿಗೆ ಇಟ್ಟುಕೊಂಡಿರುತ್ತದೆ. ಗೈಡ್ ಆ ತುಂಡಿನ ನಕಲು. ಹಾಗಾದರೆ ಗೈಡ್ ಹೋಗಿ ಆ ನೆನಪಿನ ಜಾಗವನ್ನೇ ಯಾಕೆ ಕತ್ತರಿಸಿ ಹಾಕುವುದಿಲ್ಲ? 20 ಅಕ್ಷರವೂ ಹೊಂದುತ್ತವೆ ಅಲ್ವಾ? ಹೊಂದುತ್ತವೆ, ಆದರೆ ಈ ಬ್ಯಾಕ್ಟೀರಿಯಾದಲ್ಲಿ ಆ ತುಂಡು ಮುಗಿದ ಕೂಡಲೇ ಬರುವ ಅಕ್ಷರ GTT. ಎರಡು G ಇಲ್ಲ. ಗಿಡ ಇಲ್ಲದ ಮನೆ. ಕ್ಯಾಸ್9 ನಿಲ್ಲುವುದಿಲ್ಲ.

ಎರಡನೇ ಭಾಗ ಹೊಂದಿಕೆ. ಇದಕ್ಕೆ ಅವಳು ತನ್ನ ಬ್ಯಾಗಿನ ಚೈನ್ ತೋರಿಸಿದಳು. ಡಿಎನ್‌ಎ ಪ್ಯಾಮ್ ಕಡೆಯಿಂದ ಶುರುವಾಗಿ ಒಂದೊಂದೇ ಹಲ್ಲು ಬಿಚ್ಚುತ್ತಾ ಹೋಗುತ್ತದೆ, ಬಿಚ್ಚಿದಲ್ಲೆಲ್ಲ ಗೈಡ್ ಒಂದು ಎಳೆಯ ಜೊತೆ ಜೋಡಿಯಾಗುತ್ತದೆ. ಚೈನಿನ ಶುರುವಿನಲ್ಲೇ ಒಂದು ದಾರ ಸಿಕ್ಕಿಸಿ ಎಳೆದಳು, ಬಿಚ್ಚಲಿಲ್ಲ. ಅದೇ ದಾರವನ್ನು ಕೊನೆಗೆ ಸಿಕ್ಕಿಸಿದಳು, ಬ್ಯಾಗ್ ಮುಕ್ಕಾಲು ಬಾಯಿ ತೆರೆದಿತ್ತು. ಪ್ಯಾಮ್ ಪಕ್ಕದ ಸುಮಾರು 10 ಅಕ್ಷರಕ್ಕೆ ಸೀಡ್ ಅನ್ನುತ್ತಾರೆ. ಅಲ್ಲಿ ಒಂದೆರಡು ಅಕ್ಷರ ತಪ್ಪಿದರೆ ಕೆಲಸ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ದೂರದ ತುದಿಯಲ್ಲಿ ತಪ್ಪಿದರೆ ಎಷ್ಟೋ ಸಲ ಸಹಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಬೇಡದ ಜಾಗದಲ್ಲಿ ಕತ್ತರಿ ಬೀಳುವುದು ಹೆಚ್ಚಾಗಿ ಈ ಸಹನೆಯಿಂದಲೇ.

ಇಷ್ಟು ಹೇಳಿ ಬಿಟ್ಟರೆ ಗಾಳಿಯಲ್ಲಿ ತೇಲುತ್ತದೆ. ನಿಜವಾದ ಒಂದು ಗೈಡ್ ಬೋರ್ಡಿನ ಮೇಲೆ ಬರೀ ಅಂದೆ. ಕುಡಗೋಲು ಕಣ ರೋಗದ ಸಂಶೋಧನೆಯಲ್ಲಿ ತುಂಬಾ ಬಳಸಿರುವ ಗೈಡ್ ಒಂದಿದೆ, ಅದು ಹಿಮೋಗ್ಲೋಬಿನ್ನಿನ HBB ಜೀನನ್ನು ಹಿಡಿಯುತ್ತದೆ. ಹುಡುಗಿ ಆ 20 ಅಕ್ಷರ ತಗೊಂಡು, ಜೀನಿನ ಸೀಕ್ವೆನ್ಸ್ ಫೈಲ್ ತೆರೆದು Ctrl+F ಒತ್ತಿ ಹುಡುಕಿದಳು. ಸಿಗಲಿಲ್ಲ. ಸೆಮಿನಾರಿನ ಹಿಂದಿನ ಸಂಜೆ ಫೋನ್ ಮಾಡಿ "ಮೇಡಂ, ಈ ಗೈಡ್ ತಪ್ಪದ ಅನ್ಸತೈತ್ರೀ, ಜೀನಿನ್ಯಾಗ ಇಲ್ಲೇ ಇಲ್ಲ" ಅಂದಳು.

ತಪ್ಪಿರಲಿಲ್ಲ. ಫೈಲಿನಲ್ಲಿ ಡಿಎನ್‌ಎಯ ಒಂದೇ ಎಳೆ ಬರೆದಿರುತ್ತಾರೆ. ಈ ಗೈಡಿನ ಪ್ಯಾಮ್ ಇರುವುದು ಎದುರಿನ ಎಳೆಯಲ್ಲಿ. ಗೈಡನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿ, Aಗೆ T, Gಗೆ C ಅಂತ ಬದಲಾಯಿಸಿ ಹುಡುಕವ್ವಾ ಅಂದೆ. ಎರಡು ನಿಮಿಷಕ್ಕೆ ಮೆಸೇಜ್ ಬಂತು, ಸಿಕ್ಕಿತು ಅಂತ.

```
ಫೈಲಿನ ಎಳೆ    CCG TTACTGCCCTGTGGGGCAAG
ಎದುರಿನ ಎಳೆ   CTTGCCCCACAGGGCAGTAA CGG
```

ಎರಡನೇ ಸಾಲು ಎದುರಿನ ಎಳೆಯನ್ನು ಸರಿಯಾದ ದಿಕ್ಕಿನಲ್ಲಿ ಓದಿದ್ದು. ಕೊನೆಯ CGG ಪ್ಯಾಮ್, ಅದರ ಮುಂಚಿನ 20 ಅಕ್ಷರ ಗೈಡ್ (ಆರ್‌ಎನ್‌ಎಯಲ್ಲಿ T ಬದಲು U). ಗೈಡ್ ಅಕ್ಷರಗಳು ಪ್ಯಾಮ್ ಇರುವ ಎಳೆಯ ಹಾಗೆಯೇ ಇರುತ್ತವೆ, ಆದರೆ ಅದು ಜೋಡಿಯಾಗುವುದು ಇನ್ನೊಂದು ಎಳೆಯ ಜೊತೆ. ಫೈಲಿನಲ್ಲಿ ಹುಡುಕುವಾಗ GG ಜೊತೆಗೆ CC ಕೂಡ ನೋಡಬೇಕು ಅನ್ನುವುದು ಇದಕ್ಕೇ. ಕತ್ತರಿ ಬೀಳುವುದು ಪ್ಯಾಮ್‌ನಿಂದ ಮೂರು ಅಕ್ಷರ ಈಚೆಗೆ, ಅಂದರೆ CAG ಮತ್ತು TAA ನಡುವೆ. ಬರೆದ ದಿಕ್ಕು ಸರಿ ಇದೆಯಾ ಅಂತ ನೋಡಲು ನಾನು ಮಕ್ಕಳಿಗೆ ಈ ಜಾಗವನ್ನೇ ಕೇಳುತ್ತೇನೆ. ಪ್ಯಾಮನ್ನು ಎಡಕ್ಕೆ ಬರೆದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಈಗ ನನಗೆ ಬಹಳ ಇಷ್ಟವಾದ ಭಾಗ. HBB ಪಕ್ಕದಲ್ಲೇ, ಅದೇ ಕ್ರೋಮೋಸೋಮಿನಲ್ಲಿ, ಅದರ ತಂಗಿಯಂಥ HBD ಅನ್ನುವ ಜೀನ್ ಇದೆ. ಎರಡೂ ತುಂಬಾ ಹೋಲುತ್ತವೆ. ಗೈಡ್ ಅಲ್ಲಿಗೂ ಹೋಗಿಬಿಡುತ್ತದಾ? ಎರಡನ್ನೂ ಕೆಳಗೆ ಮೇಲೆ ಇಟ್ಟು ನೋಡಿದೆವು.

```
HBB   CTTGCCCCACAGGGCAGTAA CGG
HBD   TTTGCCCCACAGGGCATTGA CAG
```

20ರಲ್ಲಿ 17 ಅಕ್ಷರ ಒಂದೇ. ಬರೀ ಎಣಿಸಿದರೆ ಭಯವಾಗುತ್ತದೆ. ಆದರೆ ಪ್ಯಾಮ್ ಕಡೆಯಿಂದ ಓದಿ. ಮೊದಲಿಗೆ CGG ಜಾಗದಲ್ಲಿ CAG ಇದೆ, ಎರಡು G ಇಲ್ಲ. ಈ ಕ್ಯಾಸ್9 ಅಪರೂಪಕ್ಕೆ NAGಯನ್ನೂ ಒಪ್ಪಿಕೊಳ್ಳುತ್ತದೆ, ಆದರೆ ಬಹಳ ದುರ್ಬಲವಾಗಿ. ಒಪ್ಪಿಕೊಂಡಿತು ಅಂತಲೇ ಇಟ್ಟುಕೊಳ್ಳೋಣ, ಪ್ಯಾಮ್‌ನಿಂದ ಎರಡನೇ ಅಕ್ಷರ ತಪ್ಪು, ನಾಲ್ಕನೇ ಅಕ್ಷರವೂ ತಪ್ಪು, ಚೈನ್ ಶುರುವಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರನೇ ತಪ್ಪು ದೂರದ ತುದಿಯಲ್ಲಿದೆ, ಅದೊಂದೇ ಆಗಿದ್ದರೆ ಬಹುಶಃ ಅಡ್ಡ ಬರುತ್ತಿರಲಿಲ್ಲ. ಆ ಮೂರೂ ತಪ್ಪು ದೂರದ ತುದಿಯಲ್ಲೇ ಇದ್ದು, ಪ್ಯಾಮ್ ಸರಿಯಿದ್ದಿದ್ದರೆ, ಅದೇ 17 ಹೊಂದಿಕೆಗೆ HBDಗೂ ಕತ್ತರಿ ಬೀಳುವ ಅಪಾಯ ಜಾಸ್ತಿ ಇರುತ್ತಿತ್ತು. ಎಷ್ಟು ಅಕ್ಷರ ಹೊಂದಿತು ಅನ್ನುವುದಕ್ಕಿಂತ ಎಲ್ಲಿ ತಪ್ಪಿತು ಅಂತ ಕೇಳಬೇಕು. ಈ ಎರಡು ಸಾಲು ಬೋರ್ಡಿನ ಮೇಲೆ ಬಿದ್ದಾಗ ಕ್ಲಾಸು ತಾನಾಗಿ ಸುಮ್ಮನಾಯಿತು, ಎಲ್ಲರೂ ಬೆರಳು ಮಾಡಿ ಅಕ್ಷರ ಎಣಿಸುತ್ತಿದ್ದರು.

ಕೊನೆಯ ಅರ್ಧ ನಿಮಿಷಕ್ಕೆ ಒಂದು ಲೆಕ್ಕ ಇಟ್ಟೆವು. ಅಕ್ಷರಗಳು ಯದ್ವಾತದ್ವಾ ಇದ್ದರೆ ಒಂದು ಎಳೆಯಲ್ಲಿ ಸರಾಸರಿ 16 ಜಾಗಕ್ಕೊಮ್ಮೆ GG ಬರುತ್ತದೆ, ಎರಡೂ ಎಳೆ ಸೇರಿಸಿದರೆ 8ಕ್ಕೊಮ್ಮೆ. ಅಂದರೆ ಬೇವಿನ ಗಿಡಗಳು ಓಣಿ ತುಂಬಾ ಇವೆ. ಸ್ವೀಡನ್ನಿನ ಉಪ್ಸಾಲಾದ ಗುಂಪೊಂದು 2017ರಲ್ಲಿ ಈ ಹುಡುಕಾಟವನ್ನು ಜೀವಂತ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಅಳೆದಿತ್ತು. ಕತ್ತರಿಸುವ ಶಕ್ತಿ ತೆಗೆದ ಕ್ಯಾಸ್9 ಒಂದೊಂದು ಪ್ಯಾಮ್ ಹತ್ತಿರ ನಿಲ್ಲುವುದು 30 ಮಿಲಿಸೆಕೆಂಡಿಗಿಂತ ಕಡಿಮೆ. ಆದರೂ ಒಂದೇ ಒಂದು ಕ್ಯಾಸ್9 ತನ್ನ ಒಂದೇ ಜಾಗವನ್ನು ಹುಡುಕಲು ಸುಮಾರು ಆರು ತಾಸು ಬೇಕು. ನಮ್ಮ ಮಕ್ಕಳು ಗೈಡ್ ಅಂದರೆ ಬಾಣದ ಹಾಗೆ ನೇರ ಹೋಗಿ ನಾಟುತ್ತದೆ ಅಂದುಕೊಂಡಿರುತ್ತಾರೆ. ಅದು ಹಾಗಲ್ಲ, ಅದಕ್ಕೇ ಒಂದು ಜೀವಕೋಶಕ್ಕೆ ಒಂದೆರಡಲ್ಲ, ಬಹಳಷ್ಟು ಕ್ಯಾಸ್9 ಬೇಕಾಗುತ್ತದೆ.

ಇನ್ನೊಂದು ಮಾತು ಸ್ಕ್ರಿಪ್ಟಿನಲ್ಲಿ ಹಿಡಿಸಲಿಲ್ಲ, ಪ್ರಶ್ನೆ ಬಂದರೆ ಹೇಳು ಅಂತ ಚೀಟಿ ಬರೆದುಕೊಟ್ಟಿದ್ದೆ. ಹೋಗಿ ಅಂಟಿಕೊಳ್ಳುವುದು ಬೇರೆ, ಕತ್ತರಿಸುವುದು ಬೇರೆ. ಸೀಡ್ ಹೊಂದಿದರೆ ಕ್ಯಾಸ್9 ಅಂಟಿಕೊಂಡು ಕೂರಬಹುದು, ಆದರೆ ಹೊಂದಿಕೆ ದೂರದ ತುದಿಯ ಕಡೆಗೂ ಸಾಕಷ್ಟು ಮುಂದುವರಿದರೆ ಮಾತ್ರ ಅದರ ಕತ್ತರಿಯ ಭಾಗ ತಿರುಗಿ ಜಾಗಕ್ಕೆ ಬರುತ್ತದೆ. ಹಿಂದಿನ ಬೆಂಚಿನ ಹುಡುಗ ಅಂದೂ ಕೈ ಎತ್ತಿದ: "ಸೀಡ್ ಅಷ್ಟೇ ಹೊಂದಿ ಉಳಿದದ್ದು ಹೊಂದಲಿಲ್ಲ ಅಂದ್ರ ಏನಾಗ್ತದ?" ಅವಳು ಚೀಟಿ ತೆಗೆಯಲೇ ಇಲ್ಲ. ಬ್ಯಾಗ್ ಎತ್ತಿ, ಚೈನನ್ನು ಅರ್ಧಕ್ಕೆ ನಿಲ್ಲಿಸಿ, "ಹಿಂಗ ಹಿಡ್ಕೊಂಡು ಕುಂದರ್ತದ, ಆದ್ರ ಕತ್ತರಸಂಗಿಲ್ಲ" ಅಂದಳು.