ಹನ್ನೊಂದು ಪಾರ್ಸೆಲ್, ಹತ್ತು ಬೀಪ್

"ಕೊರಿಯರ್ ಹುಡುಗ ಮನೆಗೇ ಬಂದು ತಗೊಂಡು ಹೋಗ್ತಾನಲ್ಲ, ಮತ್ತೆ ಇಡೀ ದಿನ ನಿಂಗೇನು ಕೆಲಸ?"

ಈ ಪ್ರಶ್ನೆಗೆ ಉತ್ತರ ಬರೆದೇ ಬಿಡುತ್ತೇನೆ. ಮುಂದಿನ ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ಫೋನಿಗೆ ಇದನ್ನು ಕಳಿಸಿ ನಾನು ಊಟಕ್ಕೆ ಕೂರುತ್ತೇನೆ.

ಸಾಗರದ ನಮ್ಮ ಮನೆಯಿಂದ ಹಲಸಿನ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾರುತ್ತೇನೆ. ದಿನಕ್ಕೆ ಎಂಟು ಹತ್ತು ಪಾರ್ಸೆಲ್. ಹಪ್ಪಳ ಒತ್ತುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು, ಅದನ್ನು ಯಾರೂ ಕೇಳುವುದಿಲ್ಲ. ಹಪ್ಪಳ ಡಬ್ಬದೊಳಗೆ ಹೋದ ಮೇಲೆ ನನಗೆ ಬಿಡುವು ಅಂತ ತಿಳಿದಿದ್ದಾರೆ. "ಹುಡುಗ ಬಂದು ತಗೊಂಡು ಹೋಗ್ತಾನೆ" ಅನ್ನುವಾಗ ಅವರ ಮನಸ್ಸಿನಲ್ಲಿರುವುದು ಹಾಲಿನವನು. ಹಾಲಿನವನು ಕರೆಯದಿದ್ದರೂ ಬರುತ್ತಾನೆ. ಕೊರಿಯರ್‌ನವನು ಕರೆದರೂ ಬರುತ್ತಾನೋ ಇಲ್ಲವೋ.

ಕರೆಯುವುದೂ ಒಂದು ಬೇರೆಯೇ ಕೆಲಸ. ಲೇಬಲ್ ಮಾಡಿದ ಕೂಡಲೇ ಪಾರ್ಸೆಲ್‌ಗೆ ನಂಬರ್ ಸಿಗುತ್ತದೆ, ಅಷ್ಟೇ. ನಾನು ಕೊರಿಯರ್ ಬುಕ್ ಮಾಡುವ ತಾಣದಲ್ಲಿ ಪಿಕಪ್‌ಗೆ ಇನ್ನೊಂದು ಬಟನ್ ಒತ್ತಬೇಕು, ಅದೂ ಮಧ್ಯಾಹ್ನ 1 ಗಂಟೆಯೊಳಗೆ. ಮೊದಲ ವಾರ ನನಗೆ ಇದು ಗೊತ್ತಿರಲಿಲ್ಲ. ಲೇಬಲ್ ಅಂಟಿಸಿದ ನಾಲ್ಕು ಡಬ್ಬ ಜಗಲಿಯಲ್ಲಿಟ್ಟುಕೊಂಡು ಎರಡು ದಿನ ಕಾದೆ. ಆಮೇಲೆ ಜಾಣತನ ತೋರಿಸಲು ಹೋಗಿ, ಪ್ರತಿ ಪಾರ್ಸೆಲ್‌ಗೂ ಅಗ್ಗದ ಕೊರಿಯರ್ ಯಾವುದೋ ಅದನ್ನೇ ಆರಿಸಿದೆ. ಒಂದಕ್ಕೆ ಏಳೆಂಟು ರೂಪಾಯಿ ಉಳಿಯಿತು. ಆದರೆ ಒಂದೇ ದಿನ ಮೂರು ಕಂಪನಿಯ ಮೂರು ಹುಡುಗರು, ಮೂರು ಹೊತ್ತಿಗೆ! ಸ್ನಾನಕ್ಕೂ ಹೋಗುವ ಹಾಗಿಲ್ಲ. ಈಗ ಒಂದೇ ಕಂಪನಿ, ಒಂದೇ ಪಿಕಪ್.

ಲೇಬಲ್ ಕಥೆಯೂ ಸ್ವಲ್ಪ ಕೇಳಿ. ಮೊದಲು ಮನೆಯ ಇಂಕ್ ಪ್ರಿಂಟರ್‌ನಲ್ಲಿ ಎ4 ಹಾಳೆಗೆ ನಾಲ್ಕರಂತೆ ಹಾಕುತ್ತಿದ್ದೆ. ಮಲೆನಾಡಿನ ಜುಲೈ ಮಳೆ ನಿಮಗೆ ಗೊತ್ತಲ್ಲ. ಗೇಟಿನಿಂದ ಗಾಡಿಗೆ ಹೋಗುವಷ್ಟರಲ್ಲಿ ಶಾಯಿ ಹರಡಿ ವಿಳಾಸ ನೀಲಿ ಮೋಡವಾಗುತ್ತಿತ್ತು. ಆಮೇಲೆ 4×6 ಇಂಚಿನ ಥರ್ಮಲ್ ಪ್ರಿಂಟರ್ ತಂದೆ. ಇದಕ್ಕೆ ಶಾಯಿಯೇ ಇಲ್ಲ, ಕಾಗದ ಬಿಸಿಗೆ ಕಪ್ಪಾಗುತ್ತದೆ. ಹಾಗಾಗಿ ಹನಿ ಮಳೆಗೆ ಅಕ್ಷರ ಹರಡುವುದಿಲ್ಲ. ಆದರೆ ಬಿಸಿಗೆ ಕಪ್ಪಾಗುವುದು ಪ್ರಿಂಟರ್ ಬಿಸಿಗೆ ಮಾತ್ರ ಅಲ್ಲ ಅಂತ ಗೊತ್ತಾಗಿದ್ದು, ಲೇಬಲ್ ಹಚ್ಚಿದ ಡಬ್ಬವನ್ನು ಒಲೆ ಪಕ್ಕ ಇಟ್ಟ ದಿನ.

ಪ್ರಿಂಟ್ ಕೊಡುವಾಗ ಅಳತೆ `Actual size` ಇರಬೇಕು. `Fit to page` ಇದ್ದರೆ ಬಾರ್‌ಕೋಡ್ ಕುಗ್ಗುತ್ತದೆ, ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಸ್ಕ್ಯಾನರ್‌ಗೆ ಕಾಣುವುದಿಲ್ಲ. ಗೊತ್ತಾಗದ ಹಾಗೆ ಬರುವ ಇನ್ನೊಂದು ತೊಂದರೆ ಇದೆ. ಪ್ರಿಂಟರ್ ಒಳಗಿನ ಬಿಸಿ ಪಟ್ಟಿಯಲ್ಲಿ ಒಂದು ಚುಕ್ಕೆ ಜಾಗ ಕೊಳೆಯಾದರೂ ಸಾಕು, ಲೇಬಲ್‌ನ ಉದ್ದಕ್ಕೂ ಕೂದಲೆಳೆಯಷ್ಟು ಬಿಳಿ ಗೆರೆ ಬೀಳುತ್ತದೆ. ವಿಳಾಸದ ಮೇಲೆ ಬಿದ್ದರೆ ಪರವಾಗಿಲ್ಲ. ಬಾರ್‌ಕೋಡ್ ಮೇಲೆ ಬಿದ್ದರೆ ಒಂದು ಕಪ್ಪು ಗೆರೆಯನ್ನೇ ನುಂಗಿಬಿಡುತ್ತದೆ. ಪ್ರಿಂಟರ್ ಆರಿಸಿ, ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒರೆಸಿದ ಮೇಲೂ ಅದೇ ಜಾಗದಲ್ಲಿ ಗೆರೆ ಬಂದರೆ ಆ ಚುಕ್ಕೆ ಸತ್ತಿದೆ ಅಂತ ಅರ್ಥ. ದಿನದ ಮೊದಲ ಲೇಬಲ್ಲನ್ನು ನನ್ನ ಫೋನಿನಲ್ಲೇ ಸ್ಕ್ಯಾನ್ ಮಾಡಿ ನೋಡಿ, ಆಮೇಲೆ ಉಳಿದವು. ಬಾರ್‌ಕೋಡ್ ಮೇಲೆ ಟೇಪ್ ಹಚ್ಚುವುದಿಲ್ಲ, ಟೇಪಿನ ಹೊಳಪು, ಸುಕ್ಕು ಎರಡೂ ಸ್ಕ್ಯಾನರ್‌ಗೆ ಅಡ್ಡಿ.

ಇಷ್ಟೆಲ್ಲ ಕೊರಿಯರ್ ಹುಡುಗ ಸ್ಕ್ಯಾನ್ ಮಾಡುವಾಗ ಬರುವ ಆ ಒಂದು ಬೀಪ್‌ಗಾಗಿ. ನಿಜ ಹೇಳಬೇಕೆಂದರೆ, ಇಡೀ ದಿನ ಏನು ಮಾಡುತ್ತೀಯ ಅನ್ನುವುದಕ್ಕಿಂತ "ಪಾರ್ಸೆಲ್ ಕೊಟ್ಟಿದ್ದೀನಿ ಅಂತ ಹೇಗೆ ತೋರಿಸ್ತೀಯಾ?" ಅಂತ ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ, ಆ ಸೋಮವಾರದ ತನಕ.

ಅವತ್ತು ಹನ್ನೊಂದು ಪಾರ್ಸೆಲ್. ಹುಡುಗ ಬಂದಿದ್ದು ಸಂಜೆ 6:40ಕ್ಕೆ, ನೆಂದು ತೊಪ್ಪೆಯಾಗಿ. "ಅಕ್ಕಾ, ಫೋನಲ್ಲಿ ಚಾರ್ಜ್ ಇಲ್ಲ, ಹಬ್‌ಗೆ ಹೋಗಿ ಸ್ಕ್ಯಾನ್ ಮಾಡ್ತೀನಿ" ಅಂದ. ಪಾಪ ಅನ್ನಿಸಿತು. ಕಾಫಿ ಕೊಟ್ಟೆ, ಚೀಲವನ್ನೂ ಕೊಟ್ಟೆ. ಮರುದಿನ ಹತ್ತು ಪಾರ್ಸೆಲ್ ಹೊರಟಿದ್ದವು. ಒಂದು ಮಾತ್ರ `Pickup scheduled` ಅಂತಲೇ ನಿಂತಿತ್ತು. ಮೂರನೇ ದಿನ ಅದು ಬದಲಾಯಿತು. ಏನಂತ? ಮಾರುವವರು ಮನೆಯಲ್ಲಿರಲಿಲ್ಲ, ಪಿಕಪ್ ರದ್ದು! ನಾನು ಮನೆಯಲ್ಲಿರಲಿಲ್ಲವಂತೆ. ಹಾಗಾದರೆ ಕಾಫಿ ಕೊಟ್ಟವರು ಯಾರು?

ಫೋನ್ ಮಾಡಿದೆ, ದೂರು ಬರೆದೆ. ಬಂದ ಉತ್ತರ ಸಣ್ಣದು: ಪಿಕಪ್ ಸ್ಕ್ಯಾನ್ ಇಲ್ಲ, ಆದ್ದರಿಂದ ಪಾರ್ಸೆಲ್ ನಮ್ಮ ಕೈಗೆ ಬಂದಿಲ್ಲ. ಕೈಗೆ ಬಾರದ್ದು ಕಳೆದುಹೋಗುವುದೂ ಇಲ್ಲ. ಪರಿಹಾರದ ಮಾತೇ ಬರಲಿಲ್ಲ. ಸಿಟ್ಟು ಬಂತು, ಆದರೆ ಅವರ ಲೆಕ್ಕ ಅವರ ಕಡೆಯಿಂದ ಸರಿಯೇ. ಸ್ಕ್ಯಾನ್ ಆಗುವ ತನಕ ಅದು ನನ್ನ ಡಬ್ಬ, ಆದಮೇಲೆ ಅವರ ಡಬ್ಬ. ನಡುವೆ ಮಳೆಯಲ್ಲಿ ಹೋಗಿದ್ದು ಯಾರ ಡಬ್ಬವೂ ಅಲ್ಲ. ಮೈಸೂರಿನ ಅಮ್ಮ ಒಬ್ಬರು ವಿದೇಶಕ್ಕೆ ಹೊರಟ ಮಗಳಿಗೆ ಅಂತ ತರಿಸಿಕೊಂಡ ಹಪ್ಪಳ ಅದು. ಹೊಸದಾಗಿ ಕಟ್ಟಿ, ನನ್ನ ಖರ್ಚಿನಲ್ಲೇ ಸ್ಪೀಡ್ ಪೋಸ್ಟ್ ಮಾಡಿದೆ. ಅಂಚೆ ಕಚೇರಿಯ ಕೌಂಟರ್‌ನಲ್ಲಿ ಆಗಲೇ ರಸೀದಿ ಕೈಗೆ ಬಂತು. ಆ ಚೀಟಿಯನ್ನು ಎಷ್ಟು ಹೊತ್ತು ನೋಡಿದೆ ಅಂದರೆ, ಹಿಂದೆ ನಿಂತವರು "ಮೇಡಂ, ಜರುಗಿ" ಅಂದರು.

ಈಗ ನಾನು ಚೀಲ ಕೊಡುವುದಿಲ್ಲ. ಮ್ಯಾನಿಫೆಸ್ಟ್ ಎರಡು ಪ್ರತಿ ತೆಗೆದಿರುತ್ತೇನೆ, ಅಂದರೆ ಆ ದಿನದ ಪಾರ್ಸೆಲ್‌ಗಳ ನಂಬರ್ ಪಟ್ಟಿ. ಡಬ್ಬಗಳನ್ನು ಅದೇ ಸಾಲಿನಲ್ಲಿ ಜಗಲಿ ಮೇಲೆ ಜೋಡಿಸಿ, ಲೇಬಲ್ ಕಾಣುವ ಹಾಗೆ ಒಂದು ಫೋಟೋ. ಒಂದೊಂದಾಗಿ ಕೈಗೆ ಕೊಡುತ್ತೇನೆ. ಬೀಪ್ ಬಂದರೆ ಪಟ್ಟಿಯಲ್ಲಿ ಟಿಕ್. ಬರದಿದ್ದರೆ ಬಾರ್‌ಕೋಡ್ ಕೆಳಗಿನ ನಂಬರನ್ನು ಅವನು ಟೈಪ್ ಮಾಡಬೇಕು. ಕೊನೆಗೆ ಅವನ ಪರದೆಯ ಸಂಖ್ಯೆಯೂ ನನ್ನ ಟಿಕ್ಕುಗಳೂ ತಾಳೆಯಾಗಬೇಕು. ನನ್ನ ಪ್ರತಿಯ ಮೇಲೆ ಎಷ್ಟು ಡಬ್ಬ, ಎಷ್ಟು ಗಂಟೆ ಅಂತ ಅವನ ಕೈಯಲ್ಲೇ ಬರೆಸಿ ಸಹಿ. ನೆಟ್ ಇಲ್ಲ, ಚಾರ್ಜ್ ಇಲ್ಲ ಅಂದರೆ ಚಾರ್ಜರ್ ನಾನೇ ಕೊಡುತ್ತೇನೆ. ಅದೂ ಆಗದಿದ್ದರೆ ಡಬ್ಬ ನಾಳೆ ಹೋಗುತ್ತದೆ. ರಾತ್ರಿ ಮಲಗುವ ಮುಂಚೆ ಒಂದೊಂದೂ `Picked up` ಆಗಿದೆಯಾ ಅಂತ ನೋಡುತ್ತೇನೆ. ಆಗಿಲ್ಲದಿದ್ದರೆ ಫೋಟೋ, ಸಹಿ ಮಾಡಿದ ಪಟ್ಟಿ ಎರಡನ್ನೂ ಲಗತ್ತಿಸಿ ಆಗಲೇ ದೂರು.

ಮೊದಮೊದಲು ಹುಡುಗನಿಗೆ ಬೇಜಾರಾಗಿತ್ತು. "ನಂಬಿಕೆ ಇಲ್ವಾ ಅಕ್ಕಾ?" ಅಂತ ಕೇಳಿದ. ನಿನ್ನ ಮೇಲಿದೆ, ನಿನ್ನ ಬ್ಯಾಟರಿ ಮೇಲಿಲ್ಲ ಅಂದೆ. ಈಗ ಗಾಡಿ ನಿಲ್ಲಿಸುವಾಗಲೇ ಪೆನ್ ಕೇಳುತ್ತಾನೆ. ಕಾಫಿ ಮೊದಲಿನ ಹಾಗೆ ಕೊಡುತ್ತೇನೆ, ಸಹಿ ಆದಮೇಲೆ.