ಮಾರ್ಲಿಕ್ಕೆ ಏನೂ ಇಲ್ಲ ಅಕ್ಕ

"ಮಾರ್ಲಿಕ್ಕೆ ಏನೂ ಇಲ್ಲ ಅಕ್ಕ. ಎರಡು ಜನ ಜೋಡಿಸಿದ್ರೆ ಸಾಕು."

ಭಾನುವಾರ ಕೇಳಿದ ಈ ಮಾತು ಇಡೀ ವಾರ ತಲೆಯಲ್ಲಿ ಸುತ್ತುತ್ತಾ ಇದೆ. ಹೇಳಿದವನು ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗ. ಉಡುಪಿಯ ಸೆಕೆಯಲ್ಲಿ ಟೈ ಕಟ್ಟಿಕೊಂಡಿದ್ದ. ಕೇಳಿಸಿಕೊಂಡವರು ನಮ್ಮ ಪಕ್ಕದ ಮನೆ ಅಕ್ಕ. ಬೀಡಿ ಕಟ್ಟುವವರು, ಸ್ವಸಹಾಯ ಸಂಘದಲ್ಲಿದ್ದಾರೆ, ಲೆಕ್ಕದಲ್ಲಿ ಗಟ್ಟಿ. ಹುಡುಗ ಅವರ ಸಂಘದ ಗೆಳತಿಯ ಮಗ. "ಒಂದು ಮೀಟಿಂಗ್ ಉಂಟಂತೆ, ನೀನೂ ಬಾ ಮಾರಾಯ, ನನಗೆ ಇಂಗ್ಲಿಷ್ ಅರ್ಥ ಆಗುದಿಲ್ಲ" ಅಂತ ಅವರು ಕರೆದದ್ದಕ್ಕೆ ನಾನು ಕಲ್ಸಂಕದ ಹತ್ತಿರದ ಆ ಹಾಲ್‌ಗೆ ಹೋದದ್ದು.

ಅದು ಜನ ಸೇರಿಸುವ ಚೈನ್ ಸ್ಕೀಮಿನ ಮೀಟಿಂಗ್. ಒಳಗೆ ನಡೆದದ್ದು ನಿಮಗೆ ಗೊತ್ತೇ ಇರುತ್ತದೆ. ಜೋರು ಹಾಡು, ಕಾರಿನ ಫೋಟೋ, ವಿಮಾನದ ಮುಂದೆ ನಿಂತವರ ಫೋಟೋ, ಮಾತು ಮಾತಿಗೆ ಚಪ್ಪಾಳೆ. ಸ್ಟೇಜ್ ಮೇಲಿದ್ದ ಮನುಷ್ಯ ಸುಮಾರು ಒಂದು ಗಂಟೆ ಮಾತಾಡಿದ. ಅದರಲ್ಲಿ ಟೂತ್‌ಪೇಸ್ಟ್ ಬಗ್ಗೆ ಎರಡು ನಿಮಿಷ ಇರಬಹುದು. ಅವನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ, ಮುಂದೆ ಬರುವುದೂ ಇಲ್ಲ. ಪಾಪ ಅನ್ನಿಸಿದ್ದು ಟೈ ಹುಡುಗನನ್ನು ನೋಡಿ.

ಸೇರಲು ತಗೊಳ್ಳಬೇಕಾದ ಕಿಟ್‌ಗೆ 12,000 ರೂಪಾಯಿ. ಡಬ್ಬದಲ್ಲಿ ಎರಡು ಬಾಟಲಿ ಜ್ಯೂಸ್, ಪ್ರೋಟೀನ್ ಪುಡಿ, ಶಾಂಪೂ, ಸೋಪು, ಪೇಸ್ಟ್. ಅಕ್ಕ ಪೇಸ್ಟ್ ತಿರುಗಿಸಿ ನೋಡಿದರು. ನೂರು ಗ್ರಾಂ, ಬೆಲೆ 185. "ಇದನ್ನು ನಮ್ಮ ಕಡೆ ಯಾರು ತಗೊಳ್ತಾರೆ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ಬಂದ ಉತ್ತರವೇ ಮೇಲಿನದ್ದು. ಮಾರ್ಲಿಕ್ಕೆ ಏನೂ ಇಲ್ಲ ಅಕ್ಕ.

ಹುಡುಗ ಧೈರ್ಯ ತುಂಬಲು ಹೇಳಿದ್ದು. ಅವನಿಗೆ ಗೊತ್ತಿಲ್ಲದೆ ಇಡೀ ಸ್ಕೀಮಿನ ಗುಟ್ಟು ಹೇಳಿಬಿಟ್ಟ ಅಂತ ನನಗೆ ಅನ್ನಿಸಿತು. ಮಾರುವುದು ಏನೂ ಇಲ್ಲದಿದ್ದರೆ ದುಡ್ಡು ಎಲ್ಲಿಂದ ಬರಬೇಕು? ಮುಂದೆ ಸೇರುವವರ ಹನ್ನೆರಡು ಸಾವಿರದಿಂದ. ಬೇರೆ ದಾರಿ ಇಲ್ಲ.

ಮನೆಗೆ ಬಂದು ಅಕ್ಕನ ಜಗಲಿಯಲ್ಲಿ ಕೂತು ಅವರು ಕೊಟ್ಟ ಪ್ಲಾನ್ ಹಾಳೆ ಬಿಡಿಸಿದೆವು. ನಿಯಮ ಸರಳ. ನೀವೇ ಒಬ್ಬರನ್ನು ಸೇರಿಸಿದರೆ 1,000. ನಿಮ್ಮ ಕೆಳಗೆ ಎಡ ಬಲ ಎರಡು ಕವಲು. ಎಡದಲ್ಲಿ ಒಬ್ಬ, ಬಲದಲ್ಲಿ ಒಬ್ಬ ಸೇರಿದರೆ ಒಂದು ಪೇರ್, ಅದಕ್ಕೆ 1,500. ನಿಮ್ಮ ಕೆಳಗಿನವರು ಸೇರಿಸಿದವರೂ ನಿಮ್ಮ ಪೇರ್ ಲೆಕ್ಕಕ್ಕೆ ಬರುತ್ತಾರೆ. ಇದಕ್ಕೆ ಬೈನರಿ ಅನ್ನುತ್ತಾರೆ. ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ 'ತಿಂಗಳಿಗೆ 25,000' ಅಂತ ಇತ್ತು.

ಕ್ಯಾಲೆಂಡರ್ ಹಿಂದೆ ಗೆರೆ ಎಳೆದೆ. ಎಲ್ಲರಿಗೂ ಸರಿಯಾಗಿ ಇಬ್ಬಿಬ್ಬರು ಸಿಕ್ಕಿದರು ಅಂತಲೇ ಇಟ್ಟುಕೊಳ್ಳುವ. ನಿಜವಾಗಿ ಸಿಗುವುದಿಲ್ಲ, ಇರಲಿ. ಮೇಲೆ ಒಬ್ಬ, ಅವನ ಕೆಳಗೆ 2, ನಂತರ 4, 8, 16, 32. ಒಟ್ಟು 63 ಜನ. ಕೊನೆಯ ಸಾಲಿನ 32 ಜನರ ಕೆಳಗೆ ಯಾರೂ ಇಲ್ಲ, ಅವರಿಗೆ ಸೊನ್ನೆ. ಅವರ ಮೇಲಿನ 16 ಜನರಿಗೆ ಒಂದೊಂದು ಪೇರ್, ಜೊತೆಗೆ ಇಬ್ಬರನ್ನು ಸೇರಿಸಿದ ಎರಡು ಸಾವಿರ. ಒಟ್ಟು 3,500. ಅದರ ಮೇಲಿನ 8 ಜನರಿಗೆ ಮೂರು ಪೇರ್, ಒಟ್ಟು 6,500. ಅದರ ಮೇಲಿನ 4 ಜನರಿಗೆ ಏಳು ಪೇರ್, ಒಟ್ಟು 12,500. ಹಾಕಿದ ದುಡ್ಡು ವಾಪಸ್ ಬಂದದ್ದು ಇಲ್ಲಿಂದ ಮೇಲಕ್ಕೆ ಮಾತ್ರ. ಅಂದರೆ 63 ಜನರಲ್ಲಿ 7 ಜನ. ಉಳಿದ 56 ಜನರಿಗೆ ಹಾಕಿದಷ್ಟು ಬರಲಿಲ್ಲ.

"ಇನ್ನೂ ಜನ ಸೇರ್ತಾರಲ್ಲ, ಆಗ ಇವರಿಗೂ ಬರ್ತದೆ" ಅಂದರು ಅಕ್ಕ. ಹೌದು, ಎಲ್ಲರೂ ಹೇಳುವುದು ಅದನ್ನೇ. ಕೆಳಗೆ ಇನ್ನೊಂದು ಸಾಲು ಬರೆದೆ. ಹೊಸದಾಗಿ 64 ಜನ, ಒಟ್ಟು 127. ದುಡ್ಡು ವಾಪಸ್ ಬಂದವರು 15. ಬಾರದವರು 112. ಕೆಳಗಿನ ಮೂರು ಸಾಲು ಯಾವಾಗಲೂ ನಷ್ಟದಲ್ಲಿ. ಮತ್ತೆ ಆ ಮೂರು ಸಾಲಿನಲ್ಲೇ ಯಾವಾಗಲೂ ನೂರಕ್ಕೆ ಎಂಬತ್ತೆಂಟರಷ್ಟು ಜನ. ಎಷ್ಟೇ ಬೆಳೆದರೂ ಈ ಪಾಲು ಹೆಚ್ಚೇನೂ ಬದಲಾಗುವುದಿಲ್ಲ. ಊರಲ್ಲಿ ಜನ ಮುಗಿದ ಮೇಲೆ ಸ್ಕೀಮ್ ಮುಳುಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಚೆನ್ನಾಗಿ ನಡೆಯುತ್ತಿರುವಾಗಲೇ ಎಂಟರಲ್ಲಿ ಏಳು ಜನ ಮುಳುಗಿರುತ್ತಾರೆ. (ಜನ ಮುಗಿಯುವುದೂ ಬೇಗವೇ. ಇಪ್ಪತ್ತನೇ ಸಾಲಿಗೆ ಒಟ್ಟು ಹತ್ತು ಲಕ್ಷ ದಾಟುತ್ತದೆ. 2011ರ ಜನಗಣತಿಯಲ್ಲಿ ಇಡೀ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ. ಅದರಲ್ಲಿ ಮಕ್ಕಳೂ ಸೇರಿದ್ದಾರೆ.)

'ತಿಂಗಳಿಗೆ' ಅನ್ನುವುದು ಇನ್ನೊಂದು ಕಥೆ. ಪೇರ್ ಲೆಕ್ಕದಲ್ಲಿ 25,000 ಬರಬೇಕಾದರೆ ಹದಿನೇಳು ಪೇರ್ ಬೇಕು. ಎಡಕ್ಕೆ ಹದಿನೇಳು, ಬಲಕ್ಕೆ ಹದಿನೇಳು ಹೊಸ ಜನ. ಒಂದು ಪೇರ್‌ಗೆ ಒಂದೇ ಸಲ ದುಡ್ಡು. ಹಾಗಾಗಿ ಮುಂದಿನ ತಿಂಗಳು ಮತ್ತೆ ಮೂವತ್ತನಾಲ್ಕು ಹೊಸಬರು, ಅದರ ಮುಂದಿನ ತಿಂಗಳು ಮತ್ತೆ. ಬೀಡಿ ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಕಟ್ಟಿದಷ್ಟೇ ಮಜೂರಿ, ಅಲ್ವಾ? ಮತ್ತೆ ಸಂಬಳ ಅಂತ ಯಾಕೆ ಹೇಳಿದ್ದು?" ಅಂದರು.

ಆ ಹುಡುಗನ ಲೆಕ್ಕವನ್ನೂ ಹಾಕಿದೆವು. ಅವನೇ ಹೇಳಿದ್ದ, ಎಡಗಡೆ ಐದು ಜನ ಆಗಿದ್ದಾರೆ, "ಬಲಗಡೆ ಸ್ವಲ್ಪ ವೀಕ್ ಉಂಟು, ಅಕ್ಕ ಬಂದ್ರೆ ಸರಿ ಆಗ್ತದೆ" ಅಂತ. ಬಲಗಡೆ ಇದ್ದದ್ದು ಒಬ್ಬನೇ. ಎಡದಲ್ಲಿ ಐದು ಇರಲಿ, ಐವತ್ತು ಇರಲಿ, ಬಲದಲ್ಲಿ ಒಬ್ಬನಿದ್ದರೆ ಒಂದೇ ಪೇರ್. ಎಡದ ಐವರಲ್ಲಿ ನಾಲ್ವರು ಕೆಳಗಿನವರು ತಂದವರು, ಇವನು ತಾನೇ ಸೇರಿಸಿದ್ದು ಇಬ್ಬರನ್ನು. ಅಲ್ಲಿಗೆ ಅವನ ಕೈಗೆ ಬಂದದ್ದು 3,500. ಅದರ ಮೇಲೆ 'ಆ್ಯಕ್ಟಿವ್' ಆಗಿರಲು ತಿಂಗಳಿಗೆ 1,500 ರೂಪಾಯಿಯ ಮಾಲು ತಗೊಳ್ಳಬೇಕು, ಇಲ್ಲದಿದ್ದರೆ ಆ ತಿಂಗಳ ಪೇರ್ ಹೋಯಿತು. ಆರು ತಿಂಗಳಿಂದ ತಗೊಂಡಿದ್ದಾನೆ, 9,000 ಆಯಿತು. ಕಿಟ್ ಸೇರಿ 21,000 ಹೋಗಿದೆ, 3,500 ಬಂದಿದೆ. ಮನೆ ತುಂಬ ಶಾಂಪೂ ಉಂಟು, ಅದು ನಿಜ. ಅಕ್ಕ ಸೇರಿದರೆ ಅವನಿಗೆ 2,500 ಸಿಗುತ್ತದೆ. ಅದಕ್ಕೋಸ್ಕರ ಅವನು ಆ ಟೈ ಕಟ್ಟಿದ್ದು.

ಅವನು ಮೋಸಗಾರ ಅಲ್ಲ. ಡಿಪ್ಲೊಮಾ ಮಾಡಿದ್ದಾನೆ, ಸರಿಯಾದ ಕೆಲಸ ಸಿಕ್ಕಿಲ್ಲ, ಅಮ್ಮನ ದುಡ್ಡು ಹಾಕಿದ್ದಾನೆ, ಈಗ ಅದನ್ನು ವಾಪಸ್ ತೆಗೆಯಬೇಕು. ಹೀಗೆ ನಷ್ಟದಲ್ಲಿರುವವರೇ ಮುಂದಿನವರನ್ನು ಕರೆಯುವುದು. ಆದರೆ ಒಂದು ವಿಷಯ ಅವನಿಗೆ ಯಾರೂ ಹೇಳಿಲ್ಲ. ಜನ ಸೇರಿಸಿ ದುಡ್ಡು ಮಾಡುವ ಇಂಥ ಮನಿ ಸರ್ಕ್ಯುಲೇಷನ್ ಸ್ಕೀಮ್ ನಿಷೇಧಿಸುವ 1978ರ ಕಾನೂನಿನಲ್ಲಿ ಸ್ಕೀಮ್ ನಡೆಸುವುದು ಮಾತ್ರ ತಪ್ಪಲ್ಲ, ಸದಸ್ಯನಾಗುವುದು, ಭಾಗವಹಿಸುವುದು ಕೂಡ ತಪ್ಪು. ಮೂರು ವರ್ಷದವರೆಗೆ ಜೈಲು. ನಾಳೆ ಕೇಸ್ ಆದರೆ ಊರಲ್ಲಿ ಕೈಗೆ ಸಿಗುವವನು ಇವನೇ. ಕಾರಿನ ಫೋಟೋದವನು ಇಲ್ಲಿರುವುದಿಲ್ಲ.

"ಸರ್, ನಮ್ಮದು ಗವರ್ನಮೆಂಟ್ ಅಪ್ರೂವ್ಡ್" ಅಂತ ಹುಡುಗ ಮೊಬೈಲಲ್ಲಿ ಮೂರು ಸರ್ಟಿಫಿಕೇಟ್ ತೋರಿಸಿದ್ದ. ಒಂದು ಕಂಪನಿ ನೋಂದಣಿಯದ್ದು, ಒಂದು ಜಿಎಸ್‌ಟಿ, ಇನ್ನೊಂದು ಆಹಾರ ಲೈಸೆನ್ಸ್. ಮೂರೂ ಅಸಲಿಯೇ ಇರಬಹುದು. ಮೊದಲನೆಯದು ಕಂಪನಿ ಇದೆ ಅಂತ ಹೇಳುತ್ತದೆ, ಎರಡನೆಯದು ತೆರಿಗೆಗೆ ನಂಬರ್ ತಗೊಂಡಿದೆ ಅಂತ, ಮೂರನೆಯದು ಆಹಾರದ ವ್ಯಾಪಾರಕ್ಕೆ ಪರವಾನಗಿ ಇದೆ ಅಂತ. ದುಡ್ಡು ಹಂಚುವ ಪ್ಲಾನ್ ಸರಿ ಇದೆ ಅಂತ ಯಾವುದೂ ಹೇಳುವುದಿಲ್ಲ.

ನೇರ ಮಾರಾಟವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಪ್ರತ್ಯೇಕ ನಿಯಮ ಬಂದಿದೆ. ಮಾಲು ಮಾರಿ ಕಮಿಷನ್ ತಗೊಳ್ಳಬಹುದು. ಜನರನ್ನು ಸೇರಿಸಿ, ಅವರು ಸೇರಿದ್ದಕ್ಕೆ ಲಾಭ ತಗೊಳ್ಳುವ ಪಿರಮಿಡ್ ನಡೆಸುವಂತಿಲ್ಲ. ನಮ್ಮ ಬೀದಿಗೆ ನೈಟಿ, ಬೆಡ್‌ಶೀಟ್ ತರುವ ಒಬ್ಬರಿದ್ದಾರೆ. ಅವರು ಯಾರನ್ನೂ ಜೋಡಿಸಬೇಕಾಗಿಲ್ಲ. ನೈಟಿ ಚೆನ್ನಾಗಿದ್ದರೆ ತಗೊಳ್ಳುತ್ತೇವೆ, ಇಲ್ಲದಿದ್ದರೆ ನೀರು ಕೊಟ್ಟು ಕಳಿಸುತ್ತೇವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ನಾಳೆಯಿಂದ ಯಾರೂ ಸೇರದಿದ್ದರೆ, ಬರೀ ಮಾಲು ಮಾರಿ ನನಗೆ ಎಷ್ಟು ಬರುತ್ತದೆ?

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತಿರುವುದು ಆ ಲಿಸ್ಟ್. ಮೀಟಿಂಗ್ ಮುಗಿಯುವ ಮೊದಲು ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು, ನೂರು ಗೆರೆ ಎಳೆದದ್ದು. ನಿಮಗೆ ಗೊತ್ತಿರುವ ನೂರು ಜನರ ಹೆಸರು ಬರೆಯಿರಿ, ಯೋಚಿಸಬೇಡಿ, ಬರೆಯುತ್ತಾ ಹೋಗಿ. ಅಕ್ಕ ಇಪ್ಪತ್ತರವರೆಗೆ ಬರೆದಿದ್ದರು. ನಾದಿನಿ, ತಂಗಿ, ಭಜನಾ ಮಂಡಳಿಯವರು, ಸಂಘದ ಹತ್ತು ಜನ, ಅಂಗನವಾಡಿ ಟೀಚರ್. ಏಳನೆಯದು ನನ್ನ ಹೆಸರು! ಇದು ಗಿರಾಕಿಗಳ ಲಿಸ್ಟ್ ಅಲ್ಲ. ಅವರಿಗೆ ಇಲ್ಲ ಅನ್ನಲು ಆಗದವರ ಲಿಸ್ಟ್. ನಮ್ಮ ಕಡೆ ಮನೆಗೆ ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವ ಅಭ್ಯಾಸ ಇಲ್ಲ. "ನೋಡುವ" ಅನ್ನುತ್ತೇವೆ. ಆ 'ನೋಡುವ' ಮೇಲೆಯೇ ಇವರ ವ್ಯಾಪಾರ. ಸಂಘದ ಹತ್ತು ಜನರ ಕಥೆ ಯೋಚಿಸಿ. ಹತ್ತೂ ಜನ ಒಂದೇ ಸಾಲಕ್ಕೆ ಒಬ್ಬರಿಗೊಬ್ಬರು ಜವಾಬ್ದಾರರು, ವಾರ ವಾರ ಕಂತು ಕಟ್ಟುವವರು. ಇವರು ಸಂಘದ ಸಾಲದಲ್ಲೇ ಕಿಟ್ ತಗೊಂಡು ಎಂಟು ಜನ ಕೆಳಗಿನ ಸಾಲಿನಲ್ಲಿ ಉಳಿದರೆ ಸಂಘದ ಗತಿ ಏನು? ಹನ್ನೆರಡು ಸಾವಿರ ಹೇಗಾದರೂ ದುಡಿದು ಕಟ್ಟಬಹುದು. ಭಜನೆಗೆ ಹೋದಾಗ ಪಕ್ಕದಲ್ಲಿ ಕೂತವರು ಮಾತು ಬಿಟ್ಟರೆ ಅದಕ್ಕೆ ಎಂತ ಮಾಡುವುದು?

ಗುರುವಾರ ಹುಡುಗ ಫೋನ್ ಮಾಡಿದ. ಶನಿವಾರಕ್ಕೆ ಆಫರ್ ಮುಗಿಯುತ್ತದಂತೆ. ಅಕ್ಕ ಸ್ಪೀಕರ್ ಹಾಕಿ ಆ ಪ್ರಶ್ನೆ ಕೇಳಿದರು. "ಯಾರೂ ಸೇರದಿದ್ರೆ ನನಗೆ ತಿಂಗಳಿಗೆ ಎಷ್ಟು ಬರ್ತದೆ ಮಗಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾಕೆ ಸೇರುದಿಲ್ಲ ಅಕ್ಕ? ಸೇರ್ತಾರೆ. ನೀವು ಪಾಸಿಟಿವ್ ಇರ್ಬೇಕು."

ಅಕ್ಕ ಸೇರಲಿಲ್ಲ. ಆದರೆ ಕಾಪುವಿನಲ್ಲಿರುವ ಅವರ ನಾದಿನಿ ಆಗಲೇ ದುಡ್ಡು ಕಟ್ಟಿ ಡಬ್ಬ ಮನೆಗೆ ತಂದಾಗಿತ್ತು. ಅವರ ಹತ್ತಿರ ಒಪ್ಪಂದದ ಪ್ರತಿ ಇಲ್ಲ. ಆ 2021ರ ನಿಯಮದ ಪ್ರಕಾರ ಕಂಪನಿ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ದಂಡವಿಲ್ಲದೆ ಅದನ್ನು ರದ್ದು ಮಾಡಲು ಸಿಗುವ ಅವಧಿಗೆ ಕೂಲಿಂಗ್ ಆಫ್ ಅನ್ನುತ್ತಾರೆ. ನಿನ್ನೆ ರಾತ್ರಿ ಕಂಪನಿಗೆ ಇಮೇಲ್ ಬರೆದು ಕೊಟ್ಟೆ: ಒಪ್ಪಂದದ ಪ್ರತಿ ಕಳಿಸಿ, ನಾನು ರದ್ದು ಮಾಡುತ್ತಿದ್ದೇನೆ, ಹಣ ಹಿಂತಿರುಗಿಸಿ. ಜೊತೆಗೆ ಬಿಲ್ಲು, ಹಣ ಕಳಿಸಿದ ಸ್ಕ್ರೀನ್‌ಶಾಟ್, ಪ್ಲಾನ್ ಹಾಳೆಯ ಫೋಟೋ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದು ಅಂತ ಮಾತಾಗಿದೆ. ಪೇಸ್ಟ್ ಮಾತ್ರ ಒಂದು ಒಡೆದಾಗಿದೆ, ಮಕ್ಕಳು ಉಜ್ಜುತ್ತಿದ್ದಾರೆ. ಉಳಿದದ್ದಕ್ಕೆ ಕೈ ಹಾಕಬೇಡಿ ಅಂದಿದ್ದೇನೆ.