ಬಂಕಿನ ಬಿಲ್ಲು ಬರೆದಿಡುವುದು ಯಾಕೆ

"ಕಾರಿನ ಡಿಸ್‌ಪ್ಲೇನಲ್ಲೇ ಮೈಲೇಜ್ ತೋರಿಸುತ್ತಲ್ಲ, ಮತ್ತೆ ಪ್ರತಿ ಸಲ ಬಂಕಿನ ಬಿಲ್ಲು ಯಾಕೆ ಬರೆದಿಡ್ತೀರಿ?"

ಡಿಸ್‌ಪ್ಲೇ ತೋರಿಸುವುದು ಅಂದಾಜು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಲೆಕ್ಕ ಹಾಕುತ್ತದೆ. ಎಷ್ಟೋ ಕಾರುಗಳಲ್ಲಿ ಈ ಅಂಕಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಬಿಲ್ಲಿನಲ್ಲಿರುವ ಲೀಟರ್ ಮಾತ್ರ ಅಳೆದು ಕೊಟ್ಟದ್ದು, ಹಣ ತೆತ್ತದ್ದು. ನಾನು ನಂಬುವುದು ಅದನ್ನೇ.

ಬರೆಯುವುದು ನಾಲ್ಕೇ ವಿಷಯ: ತಾರೀಕು, ಮೀಟರಿನ ಕಿಲೋಮೀಟರ್, ಎಷ್ಟು ಲೀಟರ್, ಎಷ್ಟು ರೂಪಾಯಿ. ಪಕ್ಕದಲ್ಲಿ 'ಫುಲ್' ಅಥವಾ 'ಅರ್ಧ' ಎಂಬ ಗುರುತು. ಈ ಗುರುತು ಇಲ್ಲದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಒಂದು ಉದಾಹರಣೆ ನೋಡಿ. 42,310 ಕಿ.ಮೀ. ಇದ್ದಾಗ ಟ್ಯಾಂಕ್ ಫುಲ್ ಮಾಡಿಸಿದಿರಿ. 42,655ಕ್ಕೆ ಅವಸರದಲ್ಲಿ 10 ಲೀಟರ್ ಮಾತ್ರ ಹಾಕಿಸಿದಿರಿ. 42,880ಕ್ಕೆ ಮತ್ತೆ ಫುಲ್ ಮಾಡಿಸಿದಾಗ 28 ಲೀಟರ್ ಹಿಡಿಯಿತು. ಒಂದೊಂದು ಬಿಲ್ಲಿಗೂ ಬೇರೆ ಬೇರೆ ಲೆಕ್ಕ ಹಾಕಿದರೆ ಮೊದಲು 34.5, ಆಮೇಲೆ 8 ಬರುತ್ತದೆ. ಎರಡೂ ಸುಳ್ಳು. ಫುಲ್‌ನಿಂದ ಫುಲ್‌ಗೆ ಓಡಿದ್ದು 570 ಕಿ.ಮೀ., ನಡುವೆ ಹಾಕಿಸಿದ್ದೂ ಸೇರಿ ಹೋದ ಪೆಟ್ರೋಲ್ 38 ಲೀಟರ್. ಲೀಟರಿಗೆ 15 ಕಿ.ಮೀ. ಅರ್ಧ ತುಂಬಿಸಿದ ದಿನ ಮೈಲೇಜ್ ಬರೆಯಲೇಬಾರದು, ಆ ಲೀಟರನ್ನು ಮುಂದಿನ ಫುಲ್‌ಗೆ ಸೇರಿಸಬೇಕು. ಒಂದು ಬಿಲ್ಲು ಬರೆಯುವುದು ಮರೆತುಹೋದರೆ ಅಂದಾಜು ತುಂಬಬೇಡಿ. ಆ ತುಂಡನ್ನು ಬಿಟ್ಟು, ಮುಂದಿನ ಫುಲ್‌ನಿಂದ ಹೊಸದಾಗಿ ಶುರು ಮಾಡಿ.

ಹಾಗಂತ ಒಂದೇ ಫುಲ್ ನೋಡಿ ಮೈಲೇಜ್ ಬಿತ್ತು ಎಂದು ಗಾಬರಿಯಾಗಬೇಕಿಲ್ಲ. ಒಂದು ಬಂಕಿನಲ್ಲಿ ಪೈಪು ಬೇಗ ಕಟ್ ಆಗುತ್ತದೆ, ಇನ್ನೊಂದರಲ್ಲಿ ರೂಪಾಯಿ ರೌಂಡ್ ಮಾಡಲು ಇನ್ನಷ್ಟು ಹಾಕುತ್ತಾರೆ. ಒಂದು ಲೀಟರ್ ಆಚೀಚೆ ಆದರೂ 15 ಇದ್ದದ್ದು 14.6 ಆಗುತ್ತದೆ. ಬೈಕಿನ ಚಿಕ್ಕ ಟ್ಯಾಂಕಿನಲ್ಲಿ ಇದು ಇನ್ನೂ ಜಾಸ್ತಿ ಕಾಣುತ್ತದೆ. ಅದಕ್ಕೇ ನಾನು ನಾಲ್ಕೈದು ಫುಲ್‌ಗಳ ಕಿಲೋಮೀಟರ್ ಕೂಡಿಸಿ, ಲೀಟರ್ ಕೂಡಿಸಿ, ಆಮೇಲೆ ಭಾಗಿಸುತ್ತೇನೆ. ಮೈಲೇಜುಗಳನ್ನೇ ಕೂಡಿಸಿ ಸರಾಸರಿ ತೆಗೆಯಬಾರದು. ಊರೊಳಗೆ 12, ಹೈವೇಯಲ್ಲಿ 18 ಕೊಡುವ ಕಾರು ಎರಡೂ ಕಡೆ 360 ಕಿ.ಮೀ. ಓಡಿದರೆ 30 ಮತ್ತು 20, ಒಟ್ಟು 50 ಲೀಟರ್ ಕುಡಿಯುತ್ತದೆ. ಸರಾಸರಿ 14.4. ಸುಮ್ನೆ ಕೂಡಿಸಿ ಎರಡರಿಂದ ಭಾಗಿಸಿದರೆ 15 ಬರುತ್ತದೆ, ಅಲ್ವಾ?

ಇನ್ನು ಡಿಸ್‌ಪ್ಲೇಗೆ ಗೊತ್ತೇ ಇಲ್ಲದ ವಿಷಯ, ಖರ್ಚು. ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ 15ರ ಮೈಲೇಜಿಗೆ ಪೆಟ್ರೋಲ್ ಖರ್ಚು ಕಿಲೋಮೀಟರಿಗೆ ಸುಮಾರು 6.87. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ವರ್ಷಕ್ಕೆ 10,000 ಕಿ.ಮೀ. ಓಡುವ ಕಾರಿಗೆ ಸರ್ವಿಸ್ 7,000 ಆದರೆ ಅದು 70 ಪೈಸೆ. ನಾಲ್ಕು ಟೈರಿಗೆ 20,000 ಕೊಟ್ಟು 40,000 ಕಿ.ಮೀ. ಓಡಿಸಿದರೆ 50 ಪೈಸೆ. ಟೈರ್ ಖರ್ಚನ್ನು ಹಾಕಿಸಿದ ತಿಂಗಳ ಮೇಲೆ ಹೊರಿಸಿದರೆ ಆ ತಿಂಗಳು ಭಯ ಹುಟ್ಟಿಸುತ್ತದೆ, ಮಿಕ್ಕ ತಿಂಗಳು ಸುಳ್ಳು ಹೇಳುತ್ತದೆ. ಅದಕ್ಕೇ ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್ ಹಾಕಿಸಿದಾಗ ಬೆಲೆಯ ಜೊತೆ ಮೀಟರ್ ರೀಡಿಂಗನ್ನೂ ಬರೆಯಿರಿ. ಮುಂದಿನ ಸಲ ಬದಲಿಸುವಾಗ ಅವು ಎಷ್ಟು ಓಡಿದವು ಎಂಬುದು ನಿಮ್ಮದೇ ರಸ್ತೆಯ, ನಿಮ್ಮದೇ ಓಡಾಟದ ಲೆಕ್ಕವಾಗಿ ಸಿಗುತ್ತದೆ.

ಇನ್ಶೂರೆನ್ಸ್ ಬೇರೆ ಜಾತಿಯ ಖರ್ಚು. ವರ್ಷಕ್ಕೆ 9,000 ಆದರೆ ಕಿಲೋಮೀಟರಿಗೆ 90 ಪೈಸೆ. ಆದರೆ ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಅದನ್ನು ಕಟ್ಟಲೇಬೇಕು. ಆದ್ದರಿಂದ ನನ್ನ ಲೆಕ್ಕದಲ್ಲಿ ಎರಡು ಅಂಕಿ ಇರುತ್ತವೆ. ಇನ್ಶೂರೆನ್ಸ್ ಬಿಟ್ಟು ಸುಮಾರು 8.07, ಸೇರಿಸಿ 8.97. ವಾರಾಂತ್ಯಕ್ಕೆ ಬೆಂಗಳೂರಿನಿಂದ ಮೈಸೂರಿಗೆ ಕಾರೋ ಬಸ್ಸೋ ಎಂದು ಯೋಚಿಸುವಾಗ ಮೊದಲನೆಯದು ಸಾಕು. ಹೋಗಿಬರಲು 290 ಕಿ.ಮೀ. ಎಂದರೆ ಸುಮಾರು 2,340 ರೂಪಾಯಿ, ಮೇಲೆ ಟೋಲ್. ಕಾರು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ಎರಡನೆಯದು ಬೇಕು, ಜೊತೆಗೆ ಕಾರಿನ ಬೆಲೆ ವರ್ಷ ವರ್ಷ ಇಳಿಯುವುದನ್ನೂ ಸೇರಿಸಬೇಕು.

ಓಡಾಟ ಮೊದಲಿನಂತೆಯೇ ಇದ್ದು, ಮೂರು ಫುಲ್ ಸತತವಾಗಿ ಮೈಲೇಜ್ ಇಳಿದರೆ ಏನೋ ತೊಂದರೆ ಇದೆ ಎಂದರ್ಥ. ಮೊದಲು ಟೈರಿನ ಗಾಳಿ ನೋಡಿಸಿ. ಅದು ಸರಿ ಇದ್ದರೆ, ಒಂದು ಸುತ್ತು ಹೋಗಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ತಂದು ನೋಡಿ, ಮುಟ್ಟಬೇಡಿ. ಮುಂದಿನೆರಡರಲ್ಲಿ, ಇಲ್ಲವೇ ಹಿಂದಿನೆರಡರಲ್ಲಿ, ಒಂದು ಮಾತ್ರ ಜೊತೆಯದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಮೆಕ್ಯಾನಿಕ್ ಹತ್ತಿರ "ಮೈಲೇಜ್ ಬರ್ತಿಲ್ಲ" ಎನ್ನುವ ಬದಲು ಆ ಚಕ್ರವನ್ನೇ ತೋರಿಸಿ. ಹೊಸ ಟೈರ್ ದೊಡ್ಡ ಸೈಜಿನದು ಹಾಕಿಸಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಮೀಟರ್ ಕಿಲೋಮೀಟರನ್ನೇ ಕಮ್ಮಿ ತೋರಿಸುತ್ತಿರುತ್ತದೆ.